ದೂರವಾಣಿ ಟ್ರಯಾಜ್

ದೂರವಾಣಿ ಟ್ರಯಾಜ್ ಎಂದರೆ ರೋಗಿಯನ್ನು ಕಣ್ಣಾರೆ ಕಾಣದೆ, ಫೋನಿನಲ್ಲಿ ಕೇಳಿಬರುವ ಮಾತು ಮತ್ತು ಸದ್ದುಗಳನ್ನಷ್ಟೇ ಆಧರಿಸಿ, ಅವರಿಗೆ ಎಂಥ ಆರೈಕೆ ಎಷ್ಟು ಹೊತ್ತಿನೊಳಗೆ ಸಿಗಬೇಕು ಎಂದು ತರಬೇತಿ ಪಡೆದ ನರ್ಸ್ ತೀರ್ಮಾನಿಸುವ ಕೆಲಸ. ಇದು ರೋಗನಿರ್ಣಯವಲ್ಲ. ಹೊಟ್ಟೆನೋವಿಗೆ ಕಾರಣ ಅಪೆಂಡಿಕ್ಸೋ ಮೂತ್ರಪಿಂಡದ ಕಲ್ಲೋ ಎಂದು ಫೋನಿನಲ್ಲಿ ಹೇಳಲಾಗದು, ಹೇಳಬೇಕಾಗಿಯೂ ಇಲ್ಲ. ಈ ನೋವು ಬೆಳಗಿನವರೆಗೆ ಕಾಯಬಹುದೇ, ಈಗಲೇ ಆಸ್ಪತ್ರೆಗೆ ಹೊರಡಬೇಕೇ ಎಂಬುದಕ್ಕೆ ಮಾತ್ರ ಇಲ್ಲಿ ಉತ್ತರ ಬೇಕು. ಈ ಕೆಲಸಕ್ಕೆ ಮೂರು ಭಾಗಗಳಿವೆ: ಪ್ರಶ್ನೆ ಕೇಳುವುದು, ಸಲಹೆ ಕೊಡುವುದು, ಯಾವಾಗ ತಮ್ಮ ಕೈಯಿಂದ ಮೇಲಕ್ಕೆ ಒಪ್ಪಿಸಬೇಕೆಂದು ನಿರ್ಧರಿಸುವುದು. ಕರೆಯಲ್ಲಿ ಈ ಮೂರೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ.

ಹಿನ್ನೆಲೆ

ಫೋನಿನಲ್ಲಿ ರೋಗಿಯ ಸ್ಥಿತಿ ಅಳೆಯುವ ಪ್ರಯತ್ನ ಫೋನಿನಷ್ಟೇ ಹಳೆಯದು. ಕೆಮ್ಮುತ್ತಿದ್ದ ಮಗುವಿನ ಸದ್ದನ್ನು ವೈದ್ಯರೊಬ್ಬರು ತಂತಿಯ ಆಚೆಯಿಂದ ಕೇಳಿ, ಅದು ಗಂಟಲು ಕಟ್ಟುವ ಕ್ರೂಪ್ ಅಲ್ಲವೆಂದು ಹೇಳಿದ ಸಂಗತಿ 1879ರಲ್ಲೇ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದಿತ್ತು. ಬರೆದಿಟ್ಟ ಪ್ರಶ್ನಾವಳಿಗಳ ಆಧಾರದಲ್ಲಿ ನರ್ಸ್‌ಗಳು ಈ ಕೆಲಸ ಮಾಡುವ ಪದ್ಧತಿಗೆ ಅಮೆರಿಕದ ಡೆನ್ವರ್‌ನ ಮಕ್ಕಳ ವೈದ್ಯ ಬಾರ್ಟನ್ ಶ್ಮಿಟ್ ಭದ್ರ ಬುನಾದಿ ಹಾಕಿದರು. ಮುಂದೆ ಡೇವಿಡ್ ಥಾಂಪ್ಸನ್ ವಯಸ್ಕರಿಗಾಗಿ ಇಂಥದೇ ಮಾರ್ಗಸೂಚಿಗಳನ್ನು ಬರೆದರು. ಇಂಗ್ಲೆಂಡಿನಲ್ಲಿ 1998ರಲ್ಲಿ ನರ್ಸ್‌ಗಳೇ ಉತ್ತರಿಸುವ ಸರ್ಕಾರಿ ಸಹಾಯವಾಣಿ ಆರಂಭವಾಯಿತು. ಈಗ ಆ ಜಾಗದಲ್ಲಿ 111 ಸಂಖ್ಯೆಯ ಸೇವೆ ಇದೆ.

ಕರ್ನಾಟಕದಲ್ಲಿ ತುರ್ತು ಆಂಬುಲೆನ್ಸ್‌ಗೆ 108 ಇದ್ದರೆ, ಆರೋಗ್ಯ ಸಲಹೆಗೆ 104 ಆರೋಗ್ಯವಾಣಿ ಇದೆ. ಮಾನಸಿಕ ಆರೋಗ್ಯಕ್ಕೆಂದು 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಕೇಂದ್ರ ಸರ್ಕಾರ 2020ರ ಮಾರ್ಚ್‌ನಲ್ಲಿ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ದೂರದಿಂದ ಔಷಧಿ ಬರೆದುಕೊಡುವ ಅಧಿಕಾರ ನೋಂದಾಯಿತ ವೈದ್ಯರದು. ಆದ್ದರಿಂದ ಭಾರತದ ನರ್ಸ್ ಕೊಡುವ ಸಲಹೆ, ವೈದ್ಯರು ಮೊದಲೇ ಒಪ್ಪಿ ಸಹಿ ಹಾಕಿದ ಲಿಖಿತ ಮಾರ್ಗಸೂಚಿಯ ಗೆರೆಯೊಳಗೇ ಇರಬೇಕು. ಆ ಗೆರೆ ದಾಟುವ ಪ್ರಶ್ನೆ ಬಂದರೆ ಕರೆ ವೈದ್ಯರಿಗೆ ಹೋಗಬೇಕು.

ಮೊದಲ ನಿಮಿಷ

ಕರೆ ಯಾವ ಕ್ಷಣದಲ್ಲಾದರೂ ಕಡಿದುಹೋಗಬಹುದು. ಹಾಗಾಗಿ ಫೋನ್ ನಂಬರ್, ಈಗ ಇರುವ ಜಾಗ, ರೋಗಿಯ ಹೆಸರು ಮತ್ತು ವಯಸ್ಸು, ಈ ನಾಲ್ಕನ್ನು ನರ್ಸ್ ಮೊದಲು ಬರೆದುಕೊಳ್ಳುತ್ತಾರೆ. ಜಾಗ ಎಂದರೆ ಊರಿನ ಹೆಸರಷ್ಟೇ ಸಾಲದು. ಒಂದೇ ಹೆಸರಿನ ಹಳ್ಳಿಗಳು ಹಲವು ತಾಲ್ಲೂಕುಗಳಲ್ಲಿ ಇರುವುದರಿಂದ ತಾಲ್ಲೂಕಿನ ಹೆಸರು, ಹತ್ತಿರದ ಗುಡಿಯೋ ಶಾಲೆಯೋ ಬೇಕು. ತೋಟದ ಮನೆಯಾದರೆ ಗಾಡಿ ಅಲ್ಲಿಯವರೆಗೆ ಬರುತ್ತದೆಯೇ ಎಂಬುದೂ ಬೇಕು.

ಅದಾದ ಕೂಡಲೇ ಜೀವಕ್ಕೆ ಅಪಾಯವಿದೆಯೇ ಎಂದು ನೋಡುವ ಪ್ರಶ್ನೆಗಳು ಬರುತ್ತವೆ: ಎಚ್ಚರ ಇದೆಯೇ, ಉಸಿರಾಟ ಹೇಗಿದೆ, ಜೋರಾಗಿ ರಕ್ತ ಹೋಗುತ್ತಿದೆಯೇ, ಎದೆನೋವು ಇದೆಯೇ, ಮಾತು ತೊದಲುತ್ತಿದೆಯೇ, ಫಿಟ್ಸ್ ಬಂದಿತ್ತೇ. ಒಂದರ ಉತ್ತರ ಅಪಾಯವನ್ನು ಸೂಚಿಸಿದರೂ ಪ್ರಶ್ನಾವಳಿ ಅಲ್ಲಿಗೇ ನಿಲ್ಲುತ್ತದೆ, ಆಂಬುಲೆನ್ಸ್ ಹೊರಡುತ್ತದೆ. ಸಕ್ಕರೆ ಕಾಯಿಲೆ, ಹಳೆಯ ಆಪರೇಷನ್, ಅಲರ್ಜಿಗಳ ವಿಚಾರಣೆಯನ್ನು ಗಾಡಿ ಹೊರಟ ಮೇಲೂ ಮಾಡಬಹುದು. ಹೊಸಬರು ಎಡವುವುದು ಇಲ್ಲೇ: ನಮೂನೆಯ ಅಂಕಣಗಳನ್ನು ಮೇಲಿನಿಂದ ಕೆಳಕ್ಕೆ ತುಂಬುತ್ತ ಹೋಗಿ ಉಸಿರಾಟದ ಪ್ರಶ್ನೆಗೆ ಬರುವ ಹೊತ್ತಿಗೆ ನಾಲ್ಕು ನಿಮಿಷ ಕಳೆದಿರುತ್ತದೆ.

ಫೋನ್ ಮಾಡಿದವರು ರೋಗಿಯೇ ಆಗಿರಬೇಕೆಂದಿಲ್ಲ. ಬೆಂಗಳೂರಿನಲ್ಲಿರುವ ಮಗ ಊರಿನಲ್ಲಿರುವ ತಾಯಿಗಾಗಿ ಕರೆ ಮಾಡುವುದು ಸಾಮಾನ್ಯ. ಅಂಥಲ್ಲಿ ಮಗ ಹೇಳುವುದು ಅರ್ಧ ಗಂಟೆ ಹಳೆಯ ಸುದ್ದಿ. ರೋಗಿಯ ಪಕ್ಕದಲ್ಲಿರುವವರ ನಂಬರ್ ಪಡೆದು ನೇರವಾಗಿ ಅವರೊಂದಿಗೆ, ಸಾಧ್ಯವಾದರೆ ರೋಗಿಯೊಂದಿಗೇ, ಮಾತಾಡಬೇಕು. ರೋಗಿಯ ದನಿ ಕೇಳುವುದೇ ಒಂದು ಪರೀಕ್ಷೆ. ವಾಕ್ಯ ಮುಗಿಸಲು ನಡುವೆ ಎರಡು ಸಲ ಉಸಿರು ಎಳೆದುಕೊಳ್ಳುವವರಿಗೆ ಉಸಿರಿನ ತೊಂದರೆ ಇದೆಯೇ ಎಂದು ಬೇರೆ ಕೇಳಬೇಕಾಗಿಲ್ಲ.

ಪ್ರಶ್ನೆ ಕೇಳುವ ಬಗೆ

ಜನ ಕಾಯಿಲೆಯನ್ನು ಹೇಳುವುದಕ್ಕಿಂತ ಹೆಚ್ಚಾಗಿ ತಾವೇ ಕೊಟ್ಟುಕೊಂಡ ಹೆಸರನ್ನು ಹೇಳುತ್ತಾರೆ. "ಗ್ಯಾಸ್ ಆಗಿದೆ", "ಪಿತ್ತ ಹೆಚ್ಚಾಗಿದೆ", "ಬಿಪಿ ಲೋ ಆಗಿರಬೇಕು", "ದೃಷ್ಟಿ ತಾಗಿದೆ". ನರ್ಸ್ ಆ ಹೆಸರನ್ನು ಅಲ್ಲಗಳೆಯಬಾರದು, ಒಪ್ಪಿಕೊಳ್ಳಲೂ ಬಾರದು. ಅದರ ಹಿಂದೆ ದೇಹದಲ್ಲಿ ಆಗುತ್ತಿರುವುದೇನು ಎಂಬಲ್ಲಿಗೆ ಮಾತನ್ನು ಇಳಿಸಬೇಕು. "ಗ್ಯಾಸ್ ಅಂದರೆ ನಿಮಗೆ ಎಲ್ಲಿ, ಏನು ಆಗ್ತಿದೆ? ಕೈಯಿಟ್ಟು ತೋರಿಸೋದಾದರೆ ಎಲ್ಲಿ ಇಡುತ್ತೀರಿ?" ಎದೆಯ ನಡುವೆ ಭಾರ, ಅದು ದವಡೆಗೋ ಎಡಗೈಗೋ ಹರಿಯುತ್ತಿದೆ, ಮೈ ಬೆವರಿದೆ ಎಂದು ಉತ್ತರ ಬಂದರೆ ಗ್ಯಾಸ್ ಎಂಬ ಪದಕ್ಕೆ ಬೆಲೆಯಿಲ್ಲ, ಅದನ್ನು ಹೃದಯಾಘಾತವೆಂದೇ ನಡೆಸಿಕೊಳ್ಳಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಏದುಸಿರು, ಓಕರಿಕೆಯಾಗಿಯೂ ಹೃದಯಾಘಾತ ಕಾಣಿಸಿಕೊಳ್ಳಬಹುದು.

ಕನ್ನಡದ ಕೆಲವು ಸಾಮಾನ್ಯ ಪದಗಳನ್ನು ಬಿಡಿಸಿ ಕೇಳದಿದ್ದರೆ ತೀರ್ಮಾನವೇ ತಪ್ಪುತ್ತದೆ. 'ಸುಸ್ತು' ಎಂದರೆ ದುಡಿದು ದಣಿದದ್ದಿರಬಹುದು, ನಿಂತರೆ ಬೀಳುವಂತಾಗುವುದಿರಬಹುದು, ಎಬ್ಬಿಸಿದರೂ ಕಣ್ಣು ಬಿಡದ ಮಂಪರೂ ಇರಬಹುದು. ಇವು ಮೂರು ಬೇರೆ ಬೇರೆ ತುರ್ತುಗಳು. 'ತಲೆಸುತ್ತು' ಎಂದವರಿಗೆ ಕೋಣೆ ಗಿರ್ರನೆ ತಿರುಗುತ್ತಿದೆಯೋ, ಕಣ್ಣಿಗೆ ಕತ್ತಲೆ ಬರುತ್ತಿದೆಯೋ ಎಂದು ಕೇಳಬೇಕು. ಉತ್ತರ ಕರ್ನಾಟಕದವರು 'ದಮ್ಮು' ಎಂದಾಗ ಅದು ಹಳೆಯ ಆಸ್ತಮಾದ ಹೆಸರೋ, ಈ ಹೊತ್ತಿನ ಏದುಸಿರೋ ಎಂದು ವಿಚಾರಿಸಬೇಕು. 'ಸಂಕಟ'ವೂ ಹಾಗೆಯೇ, ಹೊಟ್ಟೆಯದೋ ಎದೆಯದೋ ಮನಸ್ಸಿನದೋ ಎಂದು ಆ ಪದವೊಂದರಿಂದಲೇ ತಿಳಿಯುವುದಿಲ್ಲ. ಬೇರೆ ಭಾಷೆಯಿಂದ ಬಂದ ಪ್ರಶ್ನಾವಳಿಗಳಲ್ಲಿ ಈ ಬಗೆಯ ಎಚ್ಚರಿಕೆ ಇರುವುದಿಲ್ಲ. ಕನ್ನಡದಲ್ಲಿ ಕೆಲಸ ಮಾಡುವ ನರ್ಸ್ ಅದನ್ನು ಕರೆಗಳಿಂದಲೇ ಕಲಿಯಬೇಕು.

ಪ್ರಶ್ನೆ ಮೊದಲು ತೆರೆದಿರಬೇಕು, ಆಮೇಲೆ ಕಿರಿದಾಗಬೇಕು. "ಏನಾಯ್ತು, ಮೊದಲಿಂದ ಹೇಳಿ" ಎಂದು ಕೇಳಿ ಅರ್ಧ ನಿಮಿಷವಾದರೂ ನಡುವೆ ಬಾಯಿ ಹಾಕದಿದ್ದರೆ ಮುಖ್ಯವಾದದ್ದು ಬಹುಮಟ್ಟಿಗೆ ತಾನಾಗಿ ಬರುತ್ತದೆ. ಆಮೇಲಿನ ಪ್ರಶ್ನೆ ಒಂದೊಂದಾಗಿ ಇರಬೇಕು. "ವಾಂತಿ, ಭೇದಿ, ಹೊಟ್ಟೆನೋವು ಏನಾದರೂ ಇದೆಯಾ?" ಎಂದು ಮೂರನ್ನು ಒಟ್ಟಿಗೆ ಕೇಳಿದರೆ ಬರುವ "ಇಲ್ಲ" ಕೊನೆಯದಕ್ಕೆ ಮಾತ್ರ ಸಲ್ಲುವ ಉತ್ತರವಾಗಿರಬಹುದು. "ಉಸಿರಾಟ ಚೆನ್ನಾಗೇ ಇದೆ ಅಲ್ವಾ?" ಎಂಬ ಪ್ರಶ್ನೆ ಇನ್ನೂ ಕೆಟ್ಟದು, ಮರ್ಯಾದಸ್ಥರು ಅದಕ್ಕೆ ಹೌದೆಂದೇ ಹೇಳುತ್ತಾರೆ.

ಮನೆಯವರ ಕೈಯಿಂದ ಅಳೆಸಬಹುದಾದದ್ದನ್ನು ಅಳೆಸಬೇಕು. ಮಗುವಿನ ಅಂಗಿ ಮೇಲೆತ್ತಿ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಲು ಹೇಳಿ, ಗಡಿಯಾರವನ್ನು ನರ್ಸ್ ತಾವೇ ನೋಡುತ್ತಾರೆ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40, ಇಷ್ಟು ಅಥವಾ ಇದಕ್ಕಿಂತ ಹೆಚ್ಚಾದರೆ ಅದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವೇಗದ ಉಸಿರಾಟ. ನೀರಿನಂಶ ಕಡಿಮೆಯಾಗಿದೆಯೇ ಎಂದು ತಿಳಿಯಲು "ನೀರು ಕುಡೀತಿದ್ದಾನಾ?" ಎನ್ನುವುದಕ್ಕಿಂತ "ಕೊನೆಯ ಸಲ ಮೂತ್ರ ಮಾಡಿದ್ದು ಎಷ್ಟು ಗಂಟೆಗೆ?" ಎಂಬ ಪ್ರಶ್ನೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಪಾರ್ಶ್ವವಾಯುವಿನ ಅನುಮಾನವಿದ್ದರೆ "ಯಾವಾಗ ಶುರುವಾಯ್ತು?" ಎನ್ನದೆ "ಸರಿಯಾಗಿದ್ದದ್ದನ್ನು ಕೊನೆಗೆ ನೋಡಿದ್ದು ಯಾವಾಗ?" ಎಂದು ಕೇಳಬೇಕು. ಹೆಪ್ಪು ಕರಗಿಸುವ ಔಷಧಿಯ ನಾಲ್ಕೂವರೆ ಗಂಟೆಯ ಅವಧಿಯನ್ನು ವೈದ್ಯರು ಎಣಿಸುವುದು ಆ ಹೊತ್ತಿನಿಂದ.

ಒಂದು ಕರೆ

ತರಬೇತಿಗೆಂದು ಕಟ್ಟಿದ ಈ ಉದಾಹರಣೆಯಲ್ಲಿ ಮಳೆಗಾಲದ ಸಂಜೆ 7.40ಕ್ಕೆ ತಾಯಿಯೊಬ್ಬರು ಕರೆ ಮಾಡುತ್ತಾರೆ. "ಸಿಸ್ಟರ್, ನಮ್ಮ ಹುಡುಗನಿಗೆ ನಾಲ್ಕು ದಿನ ಜ್ವರ ಇತ್ತು, ಇವತ್ತು ಬೆಳಗ್ಗೆ ಬಿಟ್ಟಿದೆ. ಆದ್ರೆ ಏನೂ ತಿನ್ನಲ್ಲ, ಹೊಟ್ಟೆ ನೋವು ಅಂತಾನೆ. ಗ್ಯಾಸಿಗೆ ಏನಾದ್ರೂ ಕೊಡಬಹುದಾ?" ಹುಡುಗನಿಗೆ ಒಂಬತ್ತು ವರ್ಷ, ತೂಕ 24 ಕಿಲೋ. ಊರು ತಾಲ್ಲೂಕು ಆಸ್ಪತ್ರೆಯಿಂದ 28 ಕಿಲೋಮೀಟರ್ ದೂರ.

ಈ ಕರೆಯಲ್ಲಿ ದಾರಿ ತಪ್ಪಿಸುವ ಎರಡು ಸಂಗತಿಗಳಿವೆ. ತಾಯಿ ಕೇಳುತ್ತಿರುವುದು ಗ್ಯಾಸಿನ ಔಷಧಿ, ಮತ್ತು ಜ್ವರ ಬಿಟ್ಟಿದೆ. ಮೊದಲನೆಯದನ್ನು ಹಿಡಿದು ಹೋದರೆ ನರ್ಸ್ ತೆರೆಯುವ ಪ್ರಶ್ನಾವಳಿಯೇ ತಪ್ಪಾಗುತ್ತದೆ. ಎರಡನೆಯದನ್ನು ನಂಬಿದರೆ ಹುಡುಗ ಗುಣಮುಖನಾಗುತ್ತಿದ್ದಾನೆ ಅನ್ನಿಸುತ್ತದೆ. ಡೆಂಗಿಯಲ್ಲಿ ಅಪಾಯದ ಘಟ್ಟ ಆರಂಭವಾಗುವುದೇ ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ. ಆಗ ಸೂಕ್ಷ್ಮ ರಕ್ತನಾಳಗಳಿಂದ ದ್ರವ ಸೋರಿ, ರಕ್ತದೊತ್ತಡ ಕುಸಿಯಬಹುದು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದೆ. ಇಲ್ಲಿನ ನರ್ಸ್‌ಗೆ ಮಳೆಗಾಲದ ಜ್ವರವೆಂದರೆ ದಿನ ಎಣಿಸುವ ಅಭ್ಯಾಸ ಇರಲೇಬೇಕು.

"ಹುಡುಗ ಈಗ ಏನು ಮಾಡ್ತಿದ್ದಾನೆ, ಅಮ್ಮ?" "ಮಲಗಿದ್ದಾನೆ." "ಎಬ್ಬಿಸಿ, ಅವನ ಕೈಗೆ ಫೋನ್ ಕೊಡಿ." ಹುಡುಗ ಹೆಸರು ಹೇಳುತ್ತಾನೆ, ಯಾವ ಕ್ಲಾಸು ಎಂದು ಕೇಳಿದರೆ ತಡೆದು ಉತ್ತರಿಸಿ ಸುಮ್ಮನಾಗುತ್ತಾನೆ. ವಾಂತಿ ಮಧ್ಯಾಹ್ನದಿಂದ ಮೂರು ಸಲ. ಮೂತ್ರ ಮಾಡಿದ್ದು ಬೆಳಗ್ಗೆ ಎಂಟಕ್ಕೆ, ಅಂದರೆ ಹತ್ತಿರ ಹತ್ತಿರ ಹನ್ನೆರಡು ಗಂಟೆಯಾಗಿದೆ. ವಸಡಿನಲ್ಲಿ ರಕ್ತ ಕಂಡಿಲ್ಲ. "ಅಂಗೈ, ಪಾದ ಮುಟ್ಟಿ ನೋಡಿ, ಹೇಗಿದೆ?" "ತಣ್ಣಗಿದೆ. ಜ್ವರ ಬಿಟ್ಟಿದೆಯಲ್ಲ, ಅದಕ್ಕೇ." ಈಗ ನರ್ಸ್ ಬೆರಳಿನ ಉಗುರನ್ನು ಐದು ಸೆಕೆಂಡು ಒತ್ತಿಹಿಡಿದು ಬಿಡಲು ಹೇಳುತ್ತಾರೆ, ಬೆಳ್ಳಗಾದದ್ದು ಮತ್ತೆ ಕೆಂಪಾಗುವವರೆಗೆ ತಾಯಿ ಒಂದು, ಎರಡು ಎಂದು ಎಣಿಸಬೇಕು. ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ತಾಯಿ ನಾಲ್ಕರವರೆಗೆ ಎಣಿಸುತ್ತಾರೆ. ಫೋನಿನಲ್ಲಿ ಮಾಡಿಸಿದ ಈ ಪರೀಕ್ಷೆ ಕರಾರುವಾಕ್ಕಲ್ಲ, ಮಂದ ದೀಪದಲ್ಲಿ ಬಣ್ಣ ತಿಳಿಯುವುದೂ ಕಷ್ಟ. ಆದರೆ ತಣ್ಣಗಿನ ಕೈಕಾಲು, ನಿಂತ ಮೂತ್ರ, ಮಂಕು ಇವುಗಳ ಜೊತೆ ಸೇರಿದಾಗ ಅದನ್ನು ಬದಿಗಿಡುವಂತಿಲ್ಲ.

ಇನ್ನೊಂದು ಪ್ರಶ್ನೆ ಬಾಕಿ ಇದೆ. "ಜ್ವರಕ್ಕೆ ಕೊಟ್ಟ ಸಿರಪ್ ಬಾಟಲಿ ತನ್ನಿ, ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಇರೋದನ್ನ ಓದಿ." ಅದರಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಇದೆ. ಡೆಂಗಿಯ ಅನುಮಾನವಿದ್ದಲ್ಲಿ ಐಬುಪ್ರೊಫೆನ್ ಮತ್ತು ಆಸ್ಪಿರಿನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಮನೆಯವರ ಪಾಲಿಗೆ ಅದು ಬರೀ 'ಜ್ವರದ ಸಿರಪ್', ಓದಿಸದೆ ಗೊತ್ತಾಗುತ್ತಿರಲಿಲ್ಲ.

ತೀರ್ಮಾನ ಆಂಬುಲೆನ್ಸ್. ನರ್ಸ್ ತಾಯಿಗೆ ರೋಗದ ಹೆಸರು ಹೇಳುವುದಿಲ್ಲ, ಕಾರಣವನ್ನು ಮಾತ್ರ ಬಿಡಿಸಿ ಹೇಳುತ್ತಾರೆ: "ಜ್ವರ ಬಿಟ್ಟ ಮೇಲೆ ಮಗು ಚುರುಕಾಗಬೇಕಿತ್ತು, ಅಮ್ಮ. ಕೈಕಾಲು ತಣ್ಣಗಾಗಿ ಮೂತ್ರ ನಿಂತಿರೋದು ಒಳ್ಳೆಯ ಲಕ್ಷಣ ಅಲ್ಲ. ಬೆಳಗಿನವರೆಗೆ ಕಾಯೋದು ಬೇಡ, ಈಗಲೇ ಹೊರಡಬೇಕು." ಆ ಸಿರಪ್ ಮತ್ತೆ ಕೊಡಬಾರದು, ಬಾಟಲಿ ಜೊತೆಗಿರಲಿ. ಮಗುವನ್ನು ಮಲಗಿಸಿಯೇ ಇರಬೇಕು. ಪೂರ್ತಿ ಎಚ್ಚರವಿದ್ದು ನುಂಗಬಲ್ಲನಾದರೆ ಮಾತ್ರ ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಬಹುದು.

ಸಲಹೆ

ಮನೆಯಲ್ಲೇ ನೋಡಿಕೊಳ್ಳಬಹುದು ಎಂಬ ತೀರ್ಮಾನ ಬಂದ ಕರೆಗಳಲ್ಲಿ ಸಲಹೆಯ ಗುಣ ಅಳತೆಯಲ್ಲಿ ಗೊತ್ತಾಗುತ್ತದೆ. "ನೀರಿನಂಶ ಹೆಚ್ಚು ಕೊಡಿ" ಎಂಬುದು ಸಲಹೆಯಲ್ಲ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿ.ಲೀ. ಓಆರ್‌ಎಸ್, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಮತ್ತೆ ಶುರು, ಇದು ಸಲಹೆ. ಇಲ್ಲಿಯೂ ಪೊಟ್ಟಣವನ್ನು ಓದಿಸಬೇಕು. ಅಂಗಡಿಯಲ್ಲಿ ಒಂದು ಲೀಟರ್ ನೀರಿಗೆ ಕರಗಿಸುವ ದೊಡ್ಡ ಪೊಟ್ಟಣವೂ ಒಂದು ಲೋಟಕ್ಕೆ ಸಾಲುವ ಸಣ್ಣದೂ ಸಿಗುತ್ತವೆ. ದೊಡ್ಡದನ್ನು ಲೋಟ ನೀರಿಗೆ ಕಲಸಿ ಕುಡಿಸಿದರೆ ಉಪ್ಪಿನಂಶ ಅತಿಯಾಗಿ, ಗುಣ ಮಾಡಬೇಕಾದದ್ದೇ ಮಗುವಿಗೆ ಅಪಾಯ ತರುತ್ತದೆ.

ಪ್ಯಾರಾಸಿಟಮಾಲ್‌ನದೂ ಇದೇ ಕಥೆ. ಮಕ್ಕಳಿಗೆ ಲೆಕ್ಕ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಒಂದು ಸಲಕ್ಕೆ ಕಿಲೋಗೆ 15 ಮಿ.ಗ್ರಾಂ. ಮೀರಬಾರದು, ನಾಲ್ಕರಿಂದ ಆರು ಗಂಟೆ ಅಂತರ ಬೇಕು, ದಿನಕ್ಕೆ ನಾಲ್ಕು ಸಲ ದಾಟಬಾರದು. ಎಂಟು ಕಿಲೋ ತೂಗುವ ಕೂಸಿಗೆ 120 ಮಿ.ಗ್ರಾಂ. ಆಗುತ್ತದೆ. ಐದು ಮಿ.ಲೀ.ಗೆ 125 ಮಿ.ಗ್ರಾಂ. ಇರುವ ಸಿರಪ್ ಆದರೆ ಅದು ಐದು ಮಿ.ಲೀ.ಗೆ ಸ್ವಲ್ಪ ಕಡಿಮೆ. ಒಂದು ಮಿ.ಲೀ.ಗೇ 100 ಮಿ.ಗ್ರಾಂ. ಇರುವ ಡ್ರಾಪ್ಸ್ ಆದರೆ 1.2 ಮಿ.ಲೀ. ಮಾತ್ರ. ನರ್ಸ್ "ಐದು ಎಂಎಲ್ ಕೊಡಿ" ಎಂದಷ್ಟೇ ಹೇಳಿ, ಮನೆಯಲ್ಲಿರುವುದು ಡ್ರಾಪ್ಸ್ ಆಗಿದ್ದರೆ ಕೂಸಿನ ಹೊಟ್ಟೆಗೆ ಸೇರುವುದು 500 ಮಿ.ಗ್ರಾಂ., ಕೊಡಬೇಕಾದದ್ದರ ನಾಲ್ಕು ಪಟ್ಟಿಗೂ ಹೆಚ್ಚು. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರವಿದ್ದರೆ ಔಷಧಿಯ ಲೆಕ್ಕವೇ ಬೇಡ, ಆ ಕೂಸನ್ನು ಕೂಡಲೇ ವೈದ್ಯರು ನೋಡಬೇಕು.

ಸಲಹೆ ಮುಗಿದ ಮೇಲೆ "ಅರ್ಥ ಆಯ್ತಾ?" ಎಂದು ಕೇಳಿದರೆ ಎಲ್ಲರೂ ಆಯ್ತು ಎನ್ನುತ್ತಾರೆ. "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡೋಣ, ಈಗ ಮನೆಯಲ್ಲಿ ಏನು ಮಾಡ್ತೀರಿ ಅಂತ ನೀವು ಹೇಳಿ" ಎಂದರೆ ತಪ್ಪು ಕಲಸುವ ಪೊಟ್ಟಣವೂ ತಪ್ಪು ಚಮಚವೂ ಅಲ್ಲೇ ಸಿಕ್ಕಿಬೀಳುತ್ತವೆ. ಮತ್ತೆ ಕರೆ ಮಾಡುವ ಸೂಚನೆಗೂ ಗಂಟೆ ಮತ್ತು ಲಕ್ಷಣ ಬೇಕು. "ಕಡಿಮೆ ಆಗದಿದ್ದರೆ ಫೋನ್ ಮಾಡಿ" ಎಂಬುದಕ್ಕಿಂತ "ರಾತ್ರಿ ಹತ್ತರೊಳಗೆ ಮೂತ್ರ ಮಾಡದಿದ್ದರೆ, ಅಥವಾ ಕುಡಿದದ್ದೆಲ್ಲ ವಾಂತಿಯಾದರೆ, ಬೆಳಗಾಗಲಿ ಅಂತ ಕಾಯದೆ ಹೊರಡಿ" ಎಂಬುದು ಮನೆಯವರ ಕೈಗೆ ಸಿಗುವ ಮಾತು.

ಮೇಲಕ್ಕೆ ಒಪ್ಪಿಸುವುದು

ತೀರ್ಮಾನಗಳು ಸಾಮಾನ್ಯವಾಗಿ ಒಂದು ಏಣಿಯ ಮೆಟ್ಟಿಲುಗಳಂತಿವೆ: ಈಗಲೇ ಆಂಬುಲೆನ್ಸ್, ಈಗಲೇ ಸ್ವಂತ ವಾಹನದಲ್ಲಿ ಆಸ್ಪತ್ರೆ, ನಾಲ್ಕು ಗಂಟೆಯೊಳಗೆ, 24 ಗಂಟೆಯೊಳಗೆ, ಮೂರು ದಿನದೊಳಗೆ, ಮನೆಯಲ್ಲೇ. ಎರಡು ಮೆಟ್ಟಿಲುಗಳ ನಡುವೆ ಅನುಮಾನ ಬಂದರೆ ಮೇಲಿನದನ್ನು ಆರಿಸಬೇಕು ಎಂಬುದು ಈ ಕೆಲಸದ ಗಟ್ಟಿ ನಿಯಮ. ಪ್ರಶ್ನಾವಳಿ ಸೂಚಿಸಿದ ಮಟ್ಟವನ್ನು ತಮ್ಮ ಅನುಭವದ ಮೇಲೆ ಏರಿಸುವ ಸ್ವಾತಂತ್ರ್ಯ ನರ್ಸ್‌ಗೆ ಇರುತ್ತದೆ. ವೈದ್ಯರನ್ನು ಕೇಳದೆ ಇಳಿಸುವ ಸ್ವಾತಂತ್ರ್ಯವನ್ನು ಉತ್ತಮ ಕೇಂದ್ರಗಳು ಕೊಡುವುದಿಲ್ಲ. ಒಂದೇ ತೊಂದರೆಗೆ ಮತ್ತೆ ಮತ್ತೆ ಕರೆ ಬಂದರೆ, ಬಸುರಿಯೋ ಬಾಣಂತಿಯೋ ಆಗಿದ್ದರೆ, ಹೇಳುವುದಕ್ಕೂ ಕೇಳುವ ದನಿಗೂ ತಾಳೆಯಾಗದಿದ್ದರೆ, ಲಕ್ಷಣ ಹಗುರವೆನಿಸಿದರೂ ಒಂದು ಮೆಟ್ಟಿಲು ಏರಿಸುವುದು ರೂಢಿ. ದೂರವೂ ಲೆಕ್ಕಕ್ಕೆ ಬರುತ್ತದೆ. ನಾಲ್ಕು ಗಂಟೆಯೊಳಗೆ ನೋಡಿಸಬೇಕಾದ ರೋಗಿಯ ಊರಿನಿಂದ ಕೊನೆಯ ಬಸ್ಸು ಅರ್ಧ ಗಂಟೆಯಲ್ಲಿದ್ದರೆ, ಹೊರಡಬೇಕಾದದ್ದು ಈಗಲೇ.

ವೈದ್ಯರಿಗೆ ಒಪ್ಪಿಸುವ ಮಾತು ನಾಲ್ಕು ತುಂಡಾಗಿರಬೇಕು: ಈಗಿನ ಸ್ಥಿತಿ, ಹಿನ್ನೆಲೆ, ನರ್ಸಿನ ಅಂದಾಜು, ಬೇಕಾದದ್ದು. ಮೇಲಿನ ಕರೆಯಲ್ಲಿ ಅದು ಹೀಗೆ ಬರುತ್ತದೆ: "ಒಂಬತ್ತು ವರ್ಷದ ಹುಡುಗ, 24 ಕಿಲೋ, ಕೈಕಾಲು ತಣ್ಣಗೆ, ಮಂಕಾಗಿದ್ದಾನೆ, ಹನ್ನೆರಡು ಗಂಟೆಯಿಂದ ಮೂತ್ರ ಇಲ್ಲ. ಜ್ವರದ ಐದನೇ ದಿನ, ಇಂದು ಬೆಳಗ್ಗೆ ಇಳಿದಿದೆ, ಮೂರು ವಾಂತಿ, ಹೊಟ್ಟೆನೋವು, ಐಬುಪ್ರೊಫೆನ್ ಕೊಟ್ಟಿದ್ದಾರೆ. ಡೆಂಗಿ ಇರಬಹುದು, ಶಾಕ್‌ಗೆ ಹೋಗುತ್ತಿರುವ ಅನುಮಾನ. ಆಂಬುಲೆನ್ಸ್ ಹೊರಟಿದೆ, ತಾಲ್ಲೂಕು ಆಸ್ಪತ್ರೆಗೆ ನೀವು ತಿಳಿಸಬೇಕು." ಅಂದಾಜನ್ನು ಬಾಯಿಬಿಟ್ಟು ಹೇಳಲು ಕಿರಿಯ ನರ್ಸ್‌ಗಳು ಹಿಂಜರಿಯುತ್ತಾರೆ. ಲಕ್ಷಣಗಳನ್ನು ಮಾತ್ರ ಒಪ್ಪಿಸಿ ಸುಮ್ಮನಾದರೆ, ಹತ್ತು ಕರೆಗಳ ನಡುವೆ ಇರುವ ವೈದ್ಯರಿಗೆ ಇದರ ತುರ್ತು ತಟ್ಟದೇ ಹೋಗಬಹುದು.

ಒಪ್ಪಿಸಿದ ಮೇಲೂ ಕರೆ ನರ್ಸಿನದೇ. ಆಂಬುಲೆನ್ಸ್ ತಡವಾಗುವಂತಿದ್ದು ಪಕ್ಕದ ಮನೆಯ ಕಾರು ಸಿದ್ಧವಿದ್ದರೆ ಯಾವುದು ಬೇಗ ತಲುಪಿಸುತ್ತದೆ ಎಂದು ವೈದ್ಯರ ಜೊತೆ ನಿರ್ಧರಿಸಬೇಕು. ಕಾರಾದರೆ ಓಡಿಸುವವರ ಹೊರತು ಮಗುವನ್ನು ನೋಡುತ್ತ ಕೂರಲು ಇನ್ನೊಬ್ಬರು ಬೇಕು. ಹತ್ತು ನಿಮಿಷಕ್ಕೆ ಮತ್ತೆ ಫೋನ್ ಮಾಡಿ ಹೊರಟರೇ ಎಂದು ವಿಚಾರಿಸಬೇಕು. "ಅವರ ಅಪ್ಪ ಬರಲಿ, ಆಮೇಲೆ ಹೋಗ್ತೀವಿ" ಎಂದು ಮನೆಯವರು ತಡೆದರೆ ಅಡ್ಡಿ ಯಾವುದೆಂದು ಕೇಳಬೇಕು: ಹಣವೋ, ವಾಹನವೋ, ಮನೆಯಲ್ಲಿರುವ ಇನ್ನೊಂದು ಕೂಸೋ. ಒಪ್ಪದಿದ್ದರೆ ಆ ಊರಿನ ಆಶಾ ಕಾರ್ಯಕರ್ತೆಯ ಮೂಲಕ ಪ್ರಯತ್ನಿಸಿ, ಹೇಳಿದ ಎಚ್ಚರಿಕೆಯನ್ನೂ ಅವರ ಉತ್ತರವನ್ನೂ ಅವರದೇ ಮಾತಿನಲ್ಲಿ ಬರೆದಿಡಬೇಕು.

ತಪ್ಪುಗಳು ಮತ್ತು ಅವನ್ನು ಹಿಡಿಯುವ ಬಗೆ

ತುರ್ತನ್ನು ಕಡಿಮೆ ಅಂದಾಜಿಸಿದರೆ ರೋಗಿಗೆ ಹಾನಿ. ಹೆಚ್ಚು ಅಂದಾಜಿಸುತ್ತಲೇ ಹೋದರೆ ಆಂಬುಲೆನ್ಸ್‌ಗಳು ಬೇಡದ ಕಡೆ ಓಡಿ, ಬೇಕಾದ ಕಡೆ ಇಲ್ಲವಾಗುತ್ತವೆ. ಎರಡೂ ಕರೆಯ ಹೊತ್ತಿನಲ್ಲಿ ಗೊತ್ತಾಗುವುದಿಲ್ಲ. ದಾಖಲಾದ ಕರೆಗಳಲ್ಲಿ ಕೆಲವನ್ನು ಆಯ್ದು ಹಿರಿಯರು ಕೇಳಿಸಿಕೊಂಡಾಗ, ಮತ್ತು ರೋಗಿ ಆಸ್ಪತ್ರೆ ಸೇರಿದ ಮೇಲೆ ಏನಾಯಿತೆಂಬ ಸುದ್ದಿ ಕೇಂದ್ರಕ್ಕೆ ಮರಳಿ ಬಂದಾಗ ಮಾತ್ರ ಬೆಳಕಿಗೆ ಬರುತ್ತವೆ. ಈ ಎರಡನೆಯ ಕೊಂಡಿ ಕಡಿದಿರುವ ಕಡೆ, ಮನೆಯಲ್ಲೇ ಇರಿ ಎಂದು ಹೇಳಿದ ಹುಡುಗ ಆ ರಾತ್ರಿ ಐಸಿಯು ಸೇರಿದ್ದರೂ ನರ್ಸ್‌ಗೆ ತಿಳಿಯುವುದಿಲ್ಲ, ಮುಂದಿನ ಕರೆಯಲ್ಲೂ ಅದೇ ಪ್ರಶ್ನೆ ಬಿಟ್ಟುಹೋಗುತ್ತದೆ.

ಕರೆಗಳನ್ನು ಮರಳಿ ಕೇಳುವಾಗ ಕಂಡುಬರುವ ತಪ್ಪಿಗೆ ಸಾಮಾನ್ಯವಾಗಿ ಜ್ಞಾನದ ಕೊರತೆ ಕಾರಣವಲ್ಲ, ಬೇಗ ಮುಗಿಸುವ ಒತ್ತಡ ಕಾರಣ. ಮೊದಲ ವಾಕ್ಯದಲ್ಲೇ ತೀರ್ಮಾನಕ್ಕೆ ಬಂದ ನರ್ಸಿನ ಉಳಿದ ಪ್ರಶ್ನೆಗಳೆಲ್ಲ ಅದಕ್ಕೆ ಹೌದೆನ್ನಿಸುವ ಪ್ರಶ್ನೆಗಳಾಗಿರುತ್ತವೆ. ದಾಖಲೆಯಲ್ಲಿ ಇದನ್ನು ಗುರುತಿಸುವುದು ಸುಲಭ: 'ಇದೆ' ಎಂಬ ಲಕ್ಷಣಗಳಷ್ಟೇ ಬರೆದಿದ್ದು, 'ಕೇಳಿದೆ, ಇಲ್ಲ' ಎಂಬ ಸಾಲು ಒಂದೂ ಇರುವುದಿಲ್ಲ. ಒಳ್ಳೆಯ ದಾಖಲೆಯಲ್ಲಿ "ವಸಡಿನಲ್ಲಿ ರಕ್ತ: ಇಲ್ಲ", "ಮೂತ್ರ: ಬೆಳಗ್ಗೆ 8ಕ್ಕೆ", "ಮಗುವಿನ ಜೊತೆ ನೇರ ಮಾತು: ಹೌದು" ಎಂಬ ಸಾಲುಗಳು ಕಾಣುತ್ತವೆ, ಪ್ರತಿಯೊಂದರ ಪಕ್ಕದಲ್ಲಿ ಕೇಳಿದ ಗಂಟೆ ಇರುತ್ತದೆ.